ಪದ ಬೇಕು: ‘ಗವರ್ನೆನ್ಸ್’ (ಇವತ್ತು ಸಂಜೆ ಐದರೊಳಗೆ)

ಸುಮಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ಕಂಪನಿಯ ಷೇರುದಾರರ ಸಭೆಯ ನೋಟಿಸ್ ಕನ್ನಡಕ್ಕೆ ತರುತ್ತಿದ್ದೇನೆ. ನಿರ್ದೇಶಕ ಮಂಡಳಿಗೆ ಹೊಸಬರೊಬ್ಬರನ್ನು ಸೇರಿಸಿಕೊಳ್ಳುತ್ತಿದ್ದಾರೆ, ಅವರ ಪರಿಚಯ ಒಂದು ಪುಟ ಇದೆ. ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕು.

ಇಂಗ್ಲಿಷಿನಲ್ಲಿ ‘ಗವರ್ನೆನ್ಸ್’ ಆರು ಸಲ ಬಂದಿದೆ, ‘ಓವರ್‌ಸೈಟ್’ ನಾಲ್ಕು ಸಲ. ಎರಡಕ್ಕೂ ‘ಆಡಳಿತ’ ಅಂತ ಹಾಕಿದರೆ ಪುಟ ತುಂಬ ಆಡಳಿತವೇ ಆಗುತ್ತದೆ. ಮುಖ್ಯ ಸಾಲು ಸದ್ಯಕ್ಕೆ ಹೀಗಿದೆ:

“ಒಟ್ಟು 20,000 ಕೋಟಿ ವಹಿವಾಟಿನ ಉದ್ಯಮಗಳ ಆಡಳಿತ ನಡೆಸಿದ ಅನುಭವ ಇವರದು. ಸಮೂಹದ ಹಿರಿಯ ಉಪಾಧ್ಯಕ್ಷೆಯಾಗಿರುವ ಇವರು ಎರಡು ಕಂಪನಿಗಳ ಸ್ವತಂತ್ರ ನಿರ್ದೇಶಕಿ. ಒಂದರ ಲೆಕ್ಕಪರಿಶೋಧನೆಯನ್ನೂ ನೋಡಿಕೊಂಡಿದ್ದಾರೆ.”

ಒಳ್ಳೆಯ ಪದ ಇದ್ದರೆ ದಯವಿಟ್ಟು ಬೇಗ ಹೇಳಿ.

ನಾರಾಯಣ ಬರೆದದ್ದು:

ಆಳ್ವಿಕೆ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ? ‘ಆಳ್’ ನಮ್ಮ ಬೇರು, ಹಳಗನ್ನಡದಿಂದ ಬಂದದ್ದು. ‘ಓವರ್‌ಸೈಟ್’ಗೆ ‘ಮೇಲ್ನೋಟ’. ಅಚ್ಚಗನ್ನಡದಲ್ಲೇ ಎರಡೂ ಮುಗಿಯಿತು.

ಶಿವಣ್ಣ ಬರೆದದ್ದು:

ಸುಮಾ ಅವರೇ, ಕೆಲಸಕ್ಕೆ ಅರ್ಜಿ ಹಾಕುವಾಗ ಇಷ್ಟು ದೊಡ್ಡ ಪದಗಳು ಬೇಡ. ‘ಜವಾಬ್ದಾರಿ ನಿಭಾಯಿಸಿದ್ದೇನೆ’ ಅಂದರೆ ಸಾಕು. ನನ್ನ ಅಳಿಯನಿಗೂ ಇದನ್ನೇ ಹೇಳಿದ್ದೆ, ಕೆಲಸ ಸಿಕ್ಕಿತು.

ಅಂದಹಾಗೆ ‘ಉಪಾಧ್ಯಕ್ಷೆ’ ನೋಡಿ ನನ್ನದೇ ಕಥೆ ನೆನಪಾಯಿತು. ನಾನು ನಿವೃತ್ತನಾಗುವಾಗ ನನ್ನ ಹುದ್ದೆಯ ಹೆಸರು ವೈಸ್ ಪ್ರೆಸಿಡೆಂಟ್. ನಮ್ಮಲ್ಲಿ ಅಂಥವರು ನೂರಕ್ಕೂ ಜಾಸ್ತಿ ಇದ್ದರು! ಬೀಳ್ಕೊಡುಗೆಯ ಕರೆಯೋಲೆಯಲ್ಲಿ ‘ಸಂಸ್ಥೆಯ ಉಪಾಧ್ಯಕ್ಷರು’ ಅಂತ ಅಚ್ಚಾಯಿತು. ನೆಂಟರೆಲ್ಲ ‘ಅಧ್ಯಕ್ಷರು ಬಿಟ್ಟರೆ ನೀವೇ ಅಂತೆ’ ಅಂದರು. ಸುಮ್ಮನೆ ನಕ್ಕೆ, ಇಲ್ಲ ಅನ್ನಲಿಲ್ಲ.

ರೇವತಿ ಬರೆದದ್ದು:

ಶಿವಣ್ಣನವರು ಪ್ರಶ್ನೆ ತಪ್ಪಾಗಿ ಓದಿಕೊಂಡರೂ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಇದು ಕೆಲಸದ ಅರ್ಜಿ ಅಲ್ಲ. ಮತ ಹಾಕುವವರು ಓದುವ ಕಾಗದ. ಹದಿನೆಂಟು ವರ್ಷ ಇಂಥ ನೋಟಿಸುಗಳನ್ನೇ ತಯಾರು ಮಾಡಿದವಳು ನಾನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಸುಮಾ, ನಿಮಗೆ ತೊಂದರೆ ಕೊಡುತ್ತಿರುವುದು ನಾಮಪದ ಅಲ್ಲ, ಕ್ರಿಯಾಪದ. ಮಂಡಳಿಯ ಪರಿಚಯದಲ್ಲಿ ಓದುಗ ಹುಡುಕುವುದು ಒಂದೇ: ಈ ವ್ಯಕ್ತಿ ಯಾವುದನ್ನು ನಡೆಸಿದ್ದಾರೆ, ಯಾವುದರ ಮೇಲೆ ಕಣ್ಣಿಟ್ಟಿದ್ದಾರೆ? ಮ್ಯಾನೇಜರುಗಳು ಕಂಪನಿ ನಡೆಸುತ್ತಾರೆ. ಮಂಡಳಿ ಅವರನ್ನು ನೇಮಿಸುತ್ತದೆ, ಪ್ರಶ್ನಿಸುತ್ತದೆ, ಬೇಕಾದರೆ ತೆಗೆಯುತ್ತದೆ. 1992ರ ಕ್ಯಾಡ್ಬರಿ ಸಮಿತಿಯ ವರದಿ ಗವರ್ನೆನ್ಸ್ ಎಂದು ಕರೆದದ್ದು ಕಂಪನಿಗಳಿಗೆ ದಿಕ್ಕು ತೋರಿಸಿ ಹತೋಟಿಯಲ್ಲಿಡುವ ವ್ಯವಸ್ಥೆಯನ್ನು. ದಿನನಿತ್ಯದ ಕಾರುಬಾರು ಅದಲ್ಲ.

ನಿಮ್ಮ ಸಾಲಿನಲ್ಲಿ ‘ಆಡಳಿತ ನಡೆಸಿದ’ ಅಂತಿದೆ. ಹೊರಗಿನ ಕಂಪನಿಯ ಸ್ವತಂತ್ರ ನಿರ್ದೇಶಕಿ ಅದನ್ನು ‘ನಡೆಸಿದರು’ ಅಂದರೆ ಹೊಗಳಿದಂತೆ ಕಾಣಬಹುದು, ನಿಜಕ್ಕೂ ಅದು ದೂರು. ನಡೆಸಿದವರು ಸ್ವತಂತ್ರರು ಹೇಗಾಗುತ್ತಾರೆ ಅಂತ ಸಭೆಯಲ್ಲಿ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ.

ಲೆಕ್ಕಪರಿಶೋಧನೆಯ ಸಾಲೂ ಹಾಗೇ. ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರು ಲೆಕ್ಕ ಪರಿಶೋಧಿಸುವುದಿಲ್ಲ. ಯಾವ ಆಡಿಟರ್ ಬೇಕು ಅಂತ ಶಿಫಾರಸು ಮಾಡುತ್ತಾರೆ, ಮ್ಯಾನೇಜರುಗಳನ್ನು ಹೊರಗೆ ಕಳಿಸಿ ಆಡಿಟರ್ ಜೊತೆ ಕೂತು ಮಾತಾಡುತ್ತಾರೆ, ಲೆಕ್ಕ ಮಂಡಳಿಗೆ ಬರುವ ಮುಂಚೆ ಜರಡಿ ಹಿಡಿಯುತ್ತಾರೆ. ‘ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷತೆ ವಹಿಸಿದ್ದರು’ ಅಂತ ಬರೆದು, ಎಷ್ಟು ವರ್ಷ ಅಂತ ಸೇರಿಸಿ. ಆಮೇಲೆ ಒಂದು ವಿಶೇಷಣವೂ ಬೇಕಾಗುವುದಿಲ್ಲ.

‘ಹಿರಿಯ ಉಪಾಧ್ಯಕ್ಷೆ’ ತೆಗೆದುಬಿಡಿ. ಮಂಡಳಿಯ ಪರಿಚಯದಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಅಂದರೆ ಮಂಡಳಿಯವರು ಅಂತಲೇ ಓದುತ್ತಾರೆ. ಹುದ್ದೆಯ ಹೆಸರನ್ನು ಸೀನಿಯರ್ ವೈಸ್ ಪ್ರೆಸಿಡೆಂಟ್ ಅಂತ ಹಾಗೇ ಇಟ್ಟು, ಏನು ಕೆಲಸ ಅಂತ ಪಕ್ಕದಲ್ಲೇ ಹೇಳಿ.

ಇನ್ನು ಆ 20,000. ಅದು ಯಾವುದರ ಮೊತ್ತ? ಕೇಳಿ ನೋಡಿ.

ನಾರಾಯಣ ಬರೆದದ್ದು:

> ಹುದ್ದೆಯ ಹೆಸರನ್ನು ಸೀನಿಯರ್ ವೈಸ್ ಪ್ರೆಸಿಡೆಂಟ್ ಅಂತ ಹಾಗೇ ಇಟ್ಟು

ಶರಣಾಗತಿ ಅಂದರೆ ಇದೇ. ಇವತ್ತು ವೈಸ್ ಪ್ರೆಸಿಡೆಂಟ್, ನಾಳೆ ಇಡೀ ನೋಟಿಸನ್ನೇ ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್ ಮಾಡಿ. ‘ಆಳ್ವಿಕೆ’ ಯಾಕೆ ಬೇಡ ಅಂತ ಯಾರೂ ಹೇಳಲಿಲ್ಲ.

ಇಕ್ಬಾಲ್ ಬರೆದದ್ದು:

ನಾನು ಹೇಳುತ್ತೇನೆ. ‘ಆಳ್ವಿಕೆ’ ಅಂದ ಕೂಡಲೇ ಸಿಂಹಾಸನ ಕಾಣುತ್ತದೆ. ಅರಸನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ಮಂಡಳಿಯ ಕೆಲಸ ಪ್ರಶ್ನೆ ಕೇಳುವುದೇ. ಅಲ್ಲದೆ ‘ಆಳು’ ಅಂದರೆ ಕೂಲಿಯಾಳೂ ಹೌದಲ್ಲ?

‘ಮೇಲ್ನೋಟ’ದ ಬಗ್ಗೆ ಏನು ಹೇಳಲಿ! “ಇವರಿಗೆ ಮೇಲ್ನೋಟದ ಅನುಭವ ಅಪಾರ.” ಷೇರುದಾರರು ಒಪ್ಪುತ್ತಾರಾ?

ನನ್ನ ಮಾತು ಬೇರೆ. ‘ಗವರ್ನ್’ ಅನ್ನುವುದರ ಮೂಲ ಗ್ರೀಕಿನಲ್ಲಿ ಹಡಗಿಗೆ ದಾರಿ ಹಿಡಿಸುವುದು. ಹಾಗಾಗಿ ‘ಚುಕ್ಕಾಣಿ’ ಅನ್ನುವ ಪದದಿಂದಲೇ ಏನಾದರೂ ಕಟ್ಟಬೇಕು. ನಾರಾಯಣ ರಾಯರಿಗೆ ಬೇಜಾರಾಗಬಹುದು, ಚುಕ್ಕಾಣಿಯೂ ಹಡಗಿನ ಜೊತೆ ಅರಬ್ಬಿಯ ‘ಸುಕ್ಕಾನ್’ನಿಂದ ಬಂದದ್ದೇ.

ಇನ್ನೊಂದು. ಜವಾಬ್ದಾರಿ ಮತ್ತು ಹೊಣೆ ಒಂದೇ ಅಲ್ಲ. ಜವಾಬು ಕೊಡಬೇಕಾದವನು ಜವಾಬ್ದಾರ. ಅಂದರೆ ‘ಉತ್ತರದಾಯಿತ್ವ’ ಅಂತ ಹೊಸದಾಗಿ ಹೊಲಿದ ಅಂಗಿ ಬೇಕಾಗೇ ಇಲ್ಲ, ಹಳೆ ಜವಾಬ್ದಾರಿಯೇ ಸಾಕು. ಹೊಣೆ ಅಂದರೆ ಜಾಮೀನು. ‘ಸಾಲಕ್ಕೆ ಹೊಣೆ ನಿಂತ’ ಅನ್ನುತ್ತೇವೆ ಅಲ್ವಾ? ಆದ್ದರಿಂದ ಈ ಪರಿಚಯದಲ್ಲಿ ‘ಹೊಣೆ’ ಬರಲೇಬಾರದು.

ರೇವತಿ ಬರೆದದ್ದು:

ಇಕ್ಬಾಲ್ ಸರ್, ಚುಕ್ಕಾಣಿ ಹಿಡಿದವರು ಅಂದರೆ ಕನ್ನಡದಲ್ಲಿ ಕಂಪನಿಯ ಮುಖ್ಯಸ್ಥರು. ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಗ್ರೀಕಿನಲ್ಲಿ ಏನೇ ಇರಲಿ, ನಮ್ಮ ಓದುಗ ಮತ್ತೆ ‘ನಡೆಸಿದವರು’ ಅಂತಲೇ ತಿಳಿಯುತ್ತಾನೆ.

ಹೊಣೆಯ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ‘ಸೀಮಿತ ಹೊಣೆಗಾರಿಕೆ’ ಅಂತ ಕಾನೂನಿನ ಕನ್ನಡದಲ್ಲಿ ಇರುವುದರಿಂದ ‘ಕಂಪನಿಯ ಹೊಣೆ ಹೊತ್ತಿದ್ದಾರೆ’ ಅಂದರೆ ಸಾಲದ ವಾಸನೆ ಬರಬಹುದು. ‘ಇಷ್ಟು ನೌಕರರ ಹೊಣೆ ಇವರದು’ ಅಂದರೆ ಯಾರೂ ಜಾಮೀನು ಅಂದುಕೊಳ್ಳುವುದಿಲ್ಲ. ಪದಕ್ಕೆ ಬಹಿಷ್ಕಾರ ಹಾಕಬೇಡಿ, ಪಕ್ಕದಲ್ಲಿ ಏನು ಕೂರುತ್ತದೆ ನೋಡಿ.

‘ಓವರ್‌ಸೈಟ್’ಗೆ ನನಗೂ ಸರಿಯಾದ ಪದ ಸಿಕ್ಕಿಲ್ಲ. ಮೇಲ್ವಿಚಾರಣೆ ಅಂದರೆ ಪಾಳಿಯ ಮೇಲ್ವಿಚಾರಕಿ ಕಾಣುತ್ತಾಳೆ. ಉಸ್ತುವಾರಿ ಅಂದರೆ ಎಲ್ಲವೂ ಇವರ ಕೈಯಲ್ಲೇ ಅಂತಾಗುತ್ತದೆ. ನಿಗಾ ಅಂದರೆ ಆಸ್ಪತ್ರೆ. ನಾನು ಮಾಡುತ್ತಿದ್ದದ್ದು ಇಷ್ಟೇ: ನಾಮಪದ ಬಿಟ್ಟು, ಮಂಡಳಿಯಲ್ಲಿ ಏನು ಮಾಡಿದರು ಅಂತ ಬರೆಯುವುದು.

ಸುಮಾ ಬರೆದದ್ದು:

ರೇವತಿ ಮೇಡಂ, ಕಂಪನಿಯವರಿಗೆ ಫೋನ್ ಮಾಡಿದೆ. ಒಳ್ಳೆಯದೇ ಆಯಿತು. 20,000ದ ಲೆಕ್ಕ ಹೀಗಂತೆ: ಇವರು ನೋಡಿಕೊಳ್ಳುವ ವಿಭಾಗದ ವಹಿವಾಟು 3,200 ಕೋಟಿ. ನಿರ್ದೇಶಕಿಯಾಗಿರುವ ಮೊದಲ ಕಂಪನಿಯದು 15,700. ಎರಡನೆಯದರದು 1,100.

ಈ ಎರಡನೆಯದು ಇವರದೇ ಸಮೂಹದ ಅಂಗಸಂಸ್ಥೆಯಂತೆ! ಆ 1,100 ಇವರ ವಿಭಾಗದ 3,200ರಲ್ಲಿ ಆಗಲೇ ಸೇರಿದೆ.

ರೇವತಿ ಬರೆದದ್ದು:

ಅಂದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ್ದಾರೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ ನೋಡಿ. ಸಮೂಹದಲ್ಲಿ ಸಂಬಳ ತೆಗೆದುಕೊಳ್ಳುವವರು ಅದೇ ಸಮೂಹದ ಅಂಗಸಂಸ್ಥೆಯಲ್ಲಿ ‘ಸ್ವತಂತ್ರ’ ನಿರ್ದೇಶಕಿ ಆಗಲು ಬರುವುದಿಲ್ಲ. ಮೂಲದಲ್ಲಿ ನಿಜವಾಗಿ ಯಾವ ಪದ ಇದೆ?

ಸುಮಾ ಬರೆದದ್ದು:

ಅಯ್ಯೋ, ನನ್ನದೇ ತಪ್ಪು. ಮೂಲದಲ್ಲಿ ಇರುವುದು ‘ನಾನ್ ಎಕ್ಸಿಕ್ಯುಟಿವ್’. ‘ಕಾರ್ಯನಿರ್ವಾಹಕೇತರ’ ಬಾಯಿಗೇ ಬರಲಿಲ್ಲ ಅಂತ ‘ಸ್ವತಂತ್ರ’ ಹಾಕಿದ್ದೆ. ಎರಡೂ ಒಂದೇ ಅಂದುಕೊಂಡಿದ್ದೆ.

ರೇವತಿ ಬರೆದದ್ದು:

ಸ್ವತಂತ್ರ ನಿರ್ದೇಶಕರೆಲ್ಲ ಕಾರ್ಯನಿರ್ವಾಹಕೇತರರು. ತಿರುವಿ ಹೇಳಲು ಬರುವುದಿಲ್ಲ. ಮಾತೃಸಂಸ್ಥೆ ತನ್ನ ಕಡೆಯಿಂದ ಕೂರಿಸಿದವರು ಅಲ್ಲಿ ದಿನದ ಕೆಲಸ ಮಾಡದೇ ಇರಬಹುದು, ಸ್ವತಂತ್ರರಂತೂ ಅಲ್ಲ. ಪದ ಉದ್ದವಾದರೂ ಅದನ್ನೇ ಇಡಿ. ಮೊದಲ ಕಂಪನಿಯಲ್ಲಿ ನಿಜವಾಗಿಯೂ ಸ್ವತಂತ್ರರೇ ಅಂತಲೂ ಖಾತ್ರಿ ಮಾಡಿಕೊಳ್ಳಿ.

ನಾರಾಯಣ ಬರೆದದ್ದು:

‘ಕಾರ್ಯನಿರ್ವಾಹಕೇತರ’! ಹತ್ತಿರದ ಕನ್ನಡ ಬಿಟ್ಟು ದೂರದ ಸಂಸ್ಕೃತಕ್ಕೆ ಓಡಿದರೆ ಹೀಗೇ ಆಗುವುದು. ಬಾಯಿಗೆ ಬಾರದ ಪದ ಕಟ್ಟಿದವರ ತಪ್ಪೋ, ಸುಮಾ ಅವರ ತಪ್ಪೋ? ‘ನಡೆಸದ ನಿರ್ದೇಶಕರು’ ಅಂದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಇಕ್ಬಾಲ್ ಬರೆದದ್ದು:

‘ನಿರ್ದೇಶಕ’ ಎಲ್ಲಿಯ ಕನ್ನಡ ರಾಯರೇ?

ರೇವತಿ ಬರೆದದ್ದು:

‘ನಡೆಸದ ನಿರ್ದೇಶಕರು’ ಅಂದರೆ ಸಭೆಗೇ ಬಾರದವರು ಅನ್ನಿಸುತ್ತದೆ. ಆದರೆ ಪದ ಕಟ್ಟಿದವರ ಬಗ್ಗೆ ನಾರಾಯಣ ಅವರು ಹೇಳಿದ್ದು ನಿಜ. ಬಾಯಿಗೆ ಬಾರದ ಪದವನ್ನು ಜನ ಪಕ್ಕದ ಪದಕ್ಕೆ ಬದಲಾಯಿಸಿಯೇ ಬದಲಾಯಿಸುತ್ತಾರೆ.

ಸುಮಾ ಬರೆದದ್ದು:

ಮೊದಲನೆಯದರಲ್ಲಿ ಸ್ವತಂತ್ರ ಅನ್ನುವುದು ಖಾತ್ರಿಯಾಯಿತು. ಐದಕ್ಕೆ ಹತ್ತು ನಿಮಿಷ ಇದೆ, ಇದನ್ನೇ ಕಳಿಸುತ್ತಿದ್ದೇನೆ:

“ಸಮೂಹದ ಸೀನಿಯರ್ ವೈಸ್ ಪ್ರೆಸಿಡೆಂಟ್ ಆಗಿ ಇವರು 3,200 ಕೋಟಿ ವಹಿವಾಟಿನ ತಯಾರಿಕಾ ವಿಭಾಗವನ್ನು ನಡೆಸುತ್ತಿದ್ದಾರೆ. 9 ಕಾರ್ಖಾನೆಗಳ 6,200 ನೌಕರರ ಹೊಣೆ ಇವರದು. ಸಮೂಹದ ಒಂದು ಅಂಗಸಂಸ್ಥೆಯ ಕಾರ್ಯನಿರ್ವಾಹಕೇತರ ನಿರ್ದೇಶಕರಾಗಿದ್ದಾರೆ. ಸಮೂಹದ ಹೊರಗೆ, 15,700 ಕೋಟಿ ವಹಿವಾಟಿನ ಕಂಪನಿಯೊಂದರ ಸ್ವತಂತ್ರ ನಿರ್ದೇಶಕರಾಗಿದ್ದು, ಅದರ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷತೆಯನ್ನು 4 ವರ್ಷ ವಹಿಸಿದ್ದರು.”

‘ನಿರ್ದೇಶಕಿ’ಯನ್ನು ‘ನಿರ್ದೇಶಕರು’ ಮಾಡಿದೆ. ನೋಟಿಸಿನಲ್ಲಿ ಉಳಿದವರಿಗೆಲ್ಲ ಹಾಗೇ ಇದೆ. ಮೊತ್ತದ ಸಾಲು ಹೋಯಿತು. ಆರು ‘ಗವರ್ನೆನ್ಸ್’ಗಳಲ್ಲಿ ಐದು ಹೋದವು. ತಲೆಬರಹದಲ್ಲಿ ಒಂದು ಉಳಿದಿದೆ, ಅಲ್ಲಿ ಸದ್ಯಕ್ಕೆ ‘ಕಾರ್ಪೊರೇಟ್ ಆಡಳಿತ’ ಅಂತಿದೆ.

ನಾರಾಯಣ ಬರೆದದ್ದು:

ಕಾರ್ಪೊರೇಟ್?

ಶಿವಣ್ಣ ಬರೆದದ್ದು:

ಚೆನ್ನಾಗಿದೆ ಸುಮಾ ಅವರೇ. ಕೆಲಸ ಖಂಡಿತ ಸಿಗುತ್ತದೆ.