ಅಪ್‌ಡೇಟ್: ನಗದು ಜಮೆ ಬಗ್ಗೆ ಬ್ಯಾಂಕಿಗೆ ಕೊಟ್ಟ ಉತ್ತರ

ನಾನು ಕೇಳಿದ್ದು: "ಹಾರ್ಡ್‌ವೇರ್ ಅಂಗಡಿಗೆ ಸಾಲ ಕೇಳಿದ್ದೇನೆ. ಪದೇ ಪದೇ ನಗದು ಜಮೆ ಯಾಕೆ, 50,000, 1,00,000 ಹೀಗೆ ರೌಂಡ್ ಮೊತ್ತ ಯಾಕೆ ಅಂತ ಬ್ಯಾಂಕಿನವರು ಕೇಳಿದ್ದಾರೆ. ಏನು ಬರೆಯಲಿ?"

ಬರೆದು ಕೊಟ್ಟೆ, ಒಪ್ಪಿದರು.

"ಅಂಗಡಿ ವ್ಯಾಪಾರದ ದುಡ್ಡು" ಅಂತ ಸುಮ್ನೆ ಒಂದು ಸಾಲು ಬರೆದಿದ್ದರೆ ಸಾಲುತ್ತಿರಲಿಲ್ಲ. ಹಾಗಾಗಿ ರೋಜು ಪುಸ್ತಕ ತೆಗೆದು ಪ್ರತಿ ಜಮೆಗೂ ಲೆಕ್ಕ ತೋರಿಸಿದೆ. ಒಂದು ಸೋಮವಾರದ್ದು ನೋಡಿ. ಗಲ್ಲಾಪೆಟ್ಟಿಗೆಯಲ್ಲಿ ಮೊದಲೇ 6,200 ಇತ್ತು. ಮೂರು ದಿನದ ನಗದು ವ್ಯಾಪಾರ 61,400. ಹಮಾಲಿ, ಆಟೋ ಬಾಡಿಗೆಗೆ 4,600 ಹೋಯಿತು. 55,000 ಕಟ್ಟಿದೆ, 8,000 ಉಳಿಯಿತು. ಜೊತೆಗೆ ಬಿಲ್ ಪುಸ್ತಕದ ಪ್ರತಿ, ಜಿಎಸ್‌ಟಿ ರಿಟರ್ನ್ ಲಗತ್ತಿಸಿದೆ.

ರೌಂಡ್ ಮೊತ್ತದಲ್ಲಿ ಜಾಸ್ತಿ ಪಾಲು ಪೈಪ್ ಸಪ್ಲೈಯರ್‌ಗೆ ಹೋದದ್ದು. ಬಿಲ್ 1,37,480. ಎರಡು ಸಲ 50,000 ಕೊಟ್ಟು, ಕೊನೆಗೆ 37,480 ಚುಕ್ತಾ ಮಾಡಿದ್ದೆ. ಅವರಿಂದ ಖಾತೆ ಲೆಕ್ಕ ತಂದು, ಬ್ಯಾಂಕ್ ಸ್ಟೇಟ್‌ಮೆಂಟಿನ ದಿನಾಂಕಗಳ ಪಕ್ಕ ಬಿಲ್ ನಂಬರ್ ಬರೆದೆ.

ಕಷ್ಟವಾಗಿದ್ದು ಒಳಬಂದ 1,00,000 ವಿಚಾರದಲ್ಲಿ. ಅದು ಭಾವ ಕೊಟ್ಟ ಕೈಸಾಲ. ವ್ಯಾಪಾರ ಅಂತ ಬರೆಯೋಣ ಅಂತ ಒಂದು ಕ್ಷಣ ಅನ್ನಿಸಿತು, ಆದರೆ ಅದಕ್ಕೆ ಬಿಲ್ ಎಲ್ಲಿಂದ ತರೋದು? ಇದ್ದದ್ದನ್ನೇ ಬರೆದೆ. ನನ್ನ ಉಳಿತಾಯ ಖಾತೆಯಿಂದ ಅಂಗಡಿ ಖಾತೆಗೆ ಹಾಕಿದ 50,000 ಕೂಡ ವ್ಯಾಪಾರವಲ್ಲ ಅಂತ ತಿಳಿಸಿದೆ. ಭಾವನಿಂದ ಸಹಿ ಮಾಡಿದ ಪತ್ರ ಕೇಳಿದರು, ಕೊಟ್ಟೆ. ಎರಡನ್ನೂ ವಹಿವಾಟಿನಿಂದ ಕಳೆದರು, ಕೈಸಾಲವನ್ನು ನನ್ನ ಬಾಕಿಗೆ ಸೇರಿಸಿದರು. ಸಾಲ ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಮಂಜೂರಾಗಿದೆ.