‘ಸಂಚಿತ ಪಾಲು’ ಅಂದ್ರೆ ಉಳಿತಾಯವಾ?

ಚಿಂತಾಮಣಿಯ ಮೇಷ್ಟ್ರು:
ಪಿಯು ಮಕ್ಕಳಿಗೆ, ಆದಾಯ ಎಷ್ಟು ಅಸಮವಾಗಿ ಹಂಚಿದೆ ಅಂತ ತೋರಿಸುವ ಲೊರೆನ್ಸ್ ರೇಖೆ ಹೇಳಿಕೊಡಲು ಹತ್ತು ಮನೆಗಳ ಒಂದು ಲೆಕ್ಕ ಕಟ್ಟಿದ್ದೆ. ಹಾಲಿನಿಂದ ತಿಂಗಳಿಗೆ ಎಲ್ಲರಿಗೂ ಸೇರಿ ಒಂದು ಲಕ್ಷ ರೂಪಾಯಿ. ಕೆಳಗಿನ 5 ಮನೆಗೆ 20 ಸಾವಿರ, ನಡುವಿನ 3 ಮನೆಗೆ 30 ಸಾವಿರ, ಮೇಲಿನ 2 ಮನೆಗೆ 50 ಸಾವಿರ. ‘ಸಂಚಿತ ಪಾಲು’ ಅಂತ ಬರೆದು ಕೆಳಗೆ 20, 50, 100 ಹಾಕಿದೆ. ಒಬ್ಬ ಹುಡುಗಿ ಎದ್ದು ‘ಇಷ್ಟನ್ನೂ ಉಳಿಸಿಟ್ಟಿದ್ದಾರಾ ಸಾರ್?’ ಅಂದಳು. ಇನ್ನೊಬ್ಬ ಆ ಮೂರನ್ನೂ ಮತ್ತೆ ಕೂಡಿ 170 ಮಾಡಿದ. ತಪ್ಪು ಮಕ್ಕಳದ್ದಲ್ಲ, ಪದದ್ದು ಅನಿಸಿತು. ಬೇರೆ ಪದ ಇದೆಯಾ?

ಮಾಲೂರು:
‘ಒಟ್ಟು ಪಾಲು’ ಅಂದ್ರೆ ಸಾಕಲ್ವಾ? ಇನ್ನೊಂದು ಮಾತು. ‘ಪಾಲು’ ಪದವೇ ನಮ್ಮ ಕಡೆ ತೊಂದರೆ. ನಮ್ಮ ಮನೆಯಲ್ಲಿ ಈಗ ಜಮೀನು ಪಾಲಾಗುತ್ತಿದೆ. ಅಣ್ಣನಿಗೆ ಬಾವಿ ಇರೋ ಕಡೆ, ನನಗೆ ಬರೀ ದಿಣ್ಣೆ. ಇದನ್ನೂ ಈ ರೇಖೆಯಲ್ಲಿ ಅಳೆಯಬಹುದಾ?

ತಿಪಟೂರು:
ಇಬ್ಬರೇ ಇದ್ದಾಗ ರೇಖೆ ಯಾಕೆ, ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಸಾಕು. ‘ಒಟ್ಟು’ ಬೇಡ. ಒಟ್ಟು ಕೊನೆಯ ಸಾಲಿನಲ್ಲಿ ಮಾತ್ರ ಬರುತ್ತದೆ. ನಾನು ಅಂಕಿಅಂಶದ ಕೆಲಸದಲ್ಲಿ ‘ಇಲ್ಲಿಯವರೆಗಿನ ಪಾಲು’ ಅಂತಲೇ ಹೇಳುತ್ತಿದ್ದೆ. ಹಾಗೆಂದರೆ ಯಾರೂ ಮತ್ತೆ ಕೂಡುವುದಿಲ್ಲ. ಕೊನೆಯ ಸಾಲು 100 ಆಗದಿದ್ದರೆ ಎಲ್ಲೋ ತಪ್ಪಿದೆ ಅಂತ ತಾವೇ ಕಂಡುಕೊಳ್ಳುತ್ತಾರೆ. ‘ಕೆಳಗಿನಿಂದ’ ಅಂತಲೂ ಸೇರಿಸಿ. ಬಡವರಿಂದ ಶುರು ಮಾಡದಿದ್ದರೆ ರೇಖೆ, ಎಲ್ಲರಿಗೂ ಸಮ ಅನ್ನುವುದನ್ನು ತೋರಿಸುವ ಕರ್ಣಕ್ಕಿಂತ ಮೇಲೆ ಹೋಗುತ್ತದೆ.

ಅಸಮಾನತೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಗಿನಿಯನ್ನೂ ಇದರಿಂದಲೇ ತೆಗೆಯಬಹುದು. ಪ್ರತಿ ಗುಂಪಿನಲ್ಲಿ ಮನೆಗಳ ಭಾಗವನ್ನು ತೆಗೆದುಕೊಳ್ಳಿ. ಆ ಸಾಲಿನ ಮತ್ತು ಹಿಂದಿನ ಸಾಲಿನ ‘ಇಲ್ಲಿಯವರೆಗಿನ ಪಾಲು’ ಎರಡನ್ನೂ ನೂರರಿಂದ ಭಾಗಿಸಿ ಕೂಡಿ, ಅದರಿಂದ ಗುಣಿಸಿ. 0.5 × 0.2, 0.3 × 0.7, 0.2 × 1.5. ಮೂರೂ ಸೇರಿ 0.61. ಒಂದರಿಂದ ಕಳೆದರೆ 0.39.

ಗೌರಿಬಿದನೂರು:
0.39 ಅಂದ್ರೆ ಉಳ್ಳವರಿಂದ ನೂರಕ್ಕೆ 39 ತೆಗೆದು ಹಂಚಿದರೆ ಎಲ್ಲ ಸಮ, ಅಲ್ವಾ? 0 ಬಂದರೆ ಪೂರ್ತಿ ಸಮಾನ ಅನ್ನೋದು ಗೊತ್ತು.

ತಿಪಟೂರು:
ಸೊನ್ನೆಯ ಮಾತು ಸರಿ, ಹಂಚುವ ಮಾತು ಸರಿಯಲ್ಲ. ಇಲ್ಲಿ ಸಮ ಅಂದ್ರೆ ಮನೆಗೆ 10 ಸಾವಿರ. ನಡುವಿನವರಿಗೆ ಅಷ್ಟು ಆಗಲೇ ಇದೆ. ಮೇಲಿನ ಇಬ್ಬರಿಂದ ಒಟ್ಟು 30 ಸಾವಿರ ಕೆಳಗಿಳಿದರೆ ಮುಗಿಯಿತು. ಅದು ನೂರಕ್ಕೆ 30, 39 ಅಲ್ಲ. ಗಿನಿ ಹೇಳುವುದು ಕರ್ಣದ ಕೆಳಗಿನ ಇಡೀ ಜಾಗದಲ್ಲಿ ರೇಖೆಗೂ ಕರ್ಣಕ್ಕೂ ನಡುವಿನ ಜಾಗ ಎಷ್ಟು ಭಾಗ ಅನ್ನೋದನ್ನ.

ಈ 0.39 ಕೂಡ ಸ್ವಲ್ಪ ಕಡಿಮೆಯೇ ಇರಬಹುದು. ಒಂದು ಗುಂಪಿನ ಒಳಗೆ ಎಲ್ಲರಿಗೂ ಒಂದೇ ಆದಾಯ ಅಂತ ಹಿಡಿದಿದ್ದೇವೆ. ಮೇಲಿನ ಇಬ್ಬರಿಗೆ 25-25 ಸಾವಿರದ ಬದಲು 15 ಮತ್ತು 35 ಬರುತ್ತಿದ್ದರೆ ಗಿನಿ 0.41 ಆಗುತ್ತದೆ. ಗುಂಪು ದೊಡ್ಡದಾದಷ್ಟೂ ಒಳಗಿನ ಅಂತರ ಜಾಸ್ತಿ ಮರೆಯಾಗುತ್ತದೆ.

ಚಿಂತಾಮಣಿಯ ಮೇಷ್ಟ್ರು:
ಬೋರ್ಡಿನ ಮೇಲೆ ‘ಕೆಳಗಿನಿಂದ ಇಲ್ಲಿಯವರೆಗಿನ ಪಾಲು’ ಅಂತ ಬರೆಯುತ್ತೇನೆ. ಪರೀಕ್ಷೆಗೆ ಬೇಕು ಅಂತ ‘ಸಂಚಿತ’ ಪಕ್ಕದಲ್ಲಿರಲಿ. ಆದರೆ ‘ಇದಕ್ಕಿಂತ ಕಡಿಮೆ ಇರಲಾರದು, ಜಾಸ್ತಿ ಇರಬಹುದು’ ಅನ್ನುವಂಥ ಅಂಕಿಗೆ ಕನ್ನಡದಲ್ಲಿ ಏನನ್ನೋಣ? ‘ಕೆಳಮಿತಿ’ ಅಂದರೆ ಮಕ್ಕಳು ವರ್ಗಾಂತರದ ಕೆಳಮಿತಿ ಅಂದುಕೊಳ್ಳುತ್ತಾರೆ.