ಎಡಗೈಯಲ್ಲಿ ಎಸೆದು ನೋಡಲಿ: ಆಟದ ಪೀರಿಯಡ್ ಬಗ್ಗೆ ಪೋಷಕರಿಗೆ ತೋರಿಸುವ ಬಗೆ

ಕೇಳಿದವರು, ಹಾಸನದ ಪಿ.ಟಿ. ಟೀಚರ್: ಶನಿವಾರ ಮೂರನೇ ಕ್ಲಾಸಿನ ಪೋಷಕರ ಸಭೆ. "ಆಟದ ಪೀರಿಯಡ್ಡಲ್ಲಿ ಮಕ್ಕಳನ್ನ ಸುಮ್ನೆ ಬಿಟ್ಬಿಡ್ತೀರಿ, ಆ ಹೊತ್ತಲ್ಲಿ ಮಗ್ಗಿನಾದ್ರೂ ಹೇಳ್ಕೊಡಿ" ಅಂತಾರೆ. ಓದು ಬರಹದ ಹಾಗೆ ಮೈ ಬಳಸೋದನ್ನೂ ಕಲೀಬೇಕು, ಅದೇ ದೈಹಿಕ ಸಾಕ್ಷರತೆ ಅಂದ್ರೆ ಯಾರಿಗೂ ಅರ್ಥ ಆಗಲ್ಲ. 20 ನಿಮಿಷ ಕೊಟ್ಟಿದ್ದಾರೆ. ಅನುಭವ ಇದ್ದವರು ಹೇಳಿ.

ಚಿಕ್ಕಮಗಳೂರು, ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು: ಆ ಪದವನ್ನು ಮೊದಲ ಹತ್ತು ನಿಮಿಷ ಬಾಯಿಗೇ ತರಬೇಡಿ ಮೇಡಂ. ಬಂದವರಿಗೆಲ್ಲ ಒಂದೊಂದು ಹಳೇ ಪೇಪರ್ ಹಾಳೆ ಕೊಟ್ಟು ಗಟ್ಟಿಯಾಗಿ ಉಂಡೆ ಮಾಡಲು ಹೇಳಿ. ಐದಾರು ಮೀಟರ್ ದೂರದ ಗೋಡೆಗೆ ಮೊದಲು ಬಲಗೈಯಲ್ಲಿ ಜೋರಾಗಿ ಎಸೆಯಲಿ, ಆಮೇಲೆ ಎಡಗೈಯಲ್ಲಿ. ಎಡಚರಿದ್ದರೆ ತಿರುಗಾಮುರುಗಾ.

ಎರಡನೇ ಸಲ ಎಸೆಯುವಾಗ ಏನಾಗುತ್ತದೆ ಗಮನಿಸಿ. ಹೆಚ್ಚಿನವರ ಕಾಲು ನೆಲಕ್ಕೆ ಅಂಟಿಕೊಂಡಿರುತ್ತದೆ, ಇಲ್ಲವೇ ಎಸೆಯುವ ಕೈಯ ಕಡೆಯ ಕಾಲೇ ಮುಂದೆ ಬರುತ್ತದೆ. ಎದೆ ನೇರ ಗೋಡೆಗೆ ಮುಖ ಮಾಡಿರುತ್ತದೆ, ಮೊಣಕೈಯೊಂದೇ ಕೆಲಸ ಮಾಡುತ್ತದೆ. ಉಂಡೆ ಮೇಲಕ್ಕೆ ಹಾರುತ್ತದೆ ಅಥವಾ ಅರ್ಧದಲ್ಲೇ ಬೀಳುತ್ತದೆ. ಅದೇ ಮೈ, ಅದೇ ವಯಸ್ಸು, ಶಕ್ತಿಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಆ ಕೈಗೆ ಕಲಿಕೆ ಆಗಿಲ್ಲ, ಅಷ್ಟೇ. "ನಿಮ್ಮ ಎಡಗೈ ಎಲ್ಲಿದೆಯೋ ಕ್ಲಾಸಿನ ಕೆಲವು ಮಕ್ಕಳ ಬಲಗೈ ಅಲ್ಲೇ ಇದೆ" ಅನ್ನಿ. ವಯಸ್ಸಾದ ಹಾಗೆ ತಾನಾಗೇ ಬರುತ್ತೆ ಅನ್ನುವವರಿಗೆ ಅವರ ಎಡಗೈಯೇ ಉತ್ತರ: ಅದಕ್ಕೂ ಮೂವತ್ತೈದು ವರ್ಷ ಆಗಿದೆ.

ಇದಾದ ಮೇಲೆ ನೀವು ಪೀರಿಯಡ್ಡಿನಲ್ಲಿ ಏನು ನೋಡುತ್ತೀರಿ ಅಂತ ಹೇಳಿ. ನಾಲ್ಕೇ ಅಂಶ. ಎಸೆಯುವ ಮೊದಲು ಕೈ ಕೆಳಗಿಳಿದು ಹಿಂದಕ್ಕೆ ಹೋಯಿತೇ? ಸೊಂಟ, ಭುಜ ತಿರುಗಿ ಪಕ್ಕೆ ಗೋಡೆ ಕಡೆಗೆ ಬಂತೇ? ಎಸೆಯುವ ಕೈಗೆ ಎದುರು ಬದಿಯ ಕಾಲು ಮುಂದೆ ಬಂತೇ? ಬಿಟ್ಟ ಮೇಲೆ ಕೈ ಮೈಗೆ ಅಡ್ಡವಾಗಿ ಇನ್ನೊಂದು ಸೊಂಟದ ಕಡೆಗೆ ಇಳಿಯಿತೇ? ಒಂದು ಮಗುವಿಗೆ ಎರಡು ಎಸೆತ, ಹೌದು ಅಥವಾ ಇಲ್ಲ. ಜೂನ್‌ನಲ್ಲಿ ಬರೆದದ್ದನ್ನು ನವೆಂಬರಿನ ಪಕ್ಕದಲ್ಲಿ ಇಟ್ಟರೆ ಓದಲು ಬರುವ ಯಾವ ಪೋಷಕರಿಗೂ ಅರ್ಥವಾಗುತ್ತದೆ.

ಅರಸೀಕೆರೆ, ಅಥ್ಲೆಟಿಕ್ಸ್ ಕೋಚ್: ಇಷ್ಟೆಲ್ಲ ಯಾಕೆ ಸರ್? ಪೋಷಕರು ನಂಬೋದು ಅಂಕಿನ. 50 ಮೀಟರ್ ಓಡಿಸಿ, ಟೈಮ್ ಬರೆದು, ರ್‍ಯಾಂಕ್ ಪಟ್ಟಿ ಗೋಡೆಗೆ ಹಚ್ಚಿ. ಮಾರ್ಕ್ಸ್ ಕಾರ್ಡ್ ಥರ ನೋಡ್ತಾರೆ, ಮರು ಮಾತಾಡಲ್ಲ.

ಚಿಕ್ಕಮಗಳೂರು: ಬರೆದಿಡಬೇಕು ಅನ್ನುವುದು ಸರಿ, ಕೋಚ್ ಸರ್. ಆದರೆ ರ್‍ಯಾಂಕ್ ಬೇಡ. ಒಂದೇ ಕ್ಲಾಸಿನಲ್ಲಿ ಹತ್ತು ಹನ್ನೊಂದು ತಿಂಗಳು ದೊಡ್ಡ ಮಗು ಇರುತ್ತದೆ. ಎಂಟು ವರ್ಷಕ್ಕೆ ಅದು ದೊಡ್ಡ ಅಂತರ, ಅದರ ಕಾಲೇ ಉದ್ದ. ಸೆಕೆಂಡು ತೋರಿಸುವುದು ಬೆಳವಣಿಗೆಯನ್ನೋ ಕಲಿಕೆಯನ್ನೋ ಬಿಡಿಸಿ ಹೇಳಲಾಗದು. ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲೂ ಐದರಿಂದ ಎಂಟು ವರ್ಷದವರಿಗೆ 50 ಮೀಟರ್ ಓಟ ಇಲ್ಲ. ಎತ್ತರ-ತೂಕ, ಒಂಟಿ ಕಾಲಲ್ಲಿ ನಿಲ್ಲುವುದು, ಎರಡು ತಟ್ಟೆಗಳನ್ನು ಕೈಯಿಂದ ಬೇಗ ಬೇಗ ಮುಟ್ಟುವುದು ಇಷ್ಟೇ.

ಇನ್ನೊಂದು ಕಾರಣ ಇನ್ನೂ ಮುಖ್ಯ. ದೈಹಿಕ ಸಾಕ್ಷರತೆಯ ವಿಚಾರವನ್ನು 1993ರಿಂದ ಬೆಳೆಸಿಕೊಂಡು ಬಂದ ಬ್ರಿಟನ್ನಿನ ಮಾರ್ಗರೆಟ್ ವೈಟ್‌ಹೆಡ್ ಮೈಯ ಕೌಶಲದ ಜೊತೆಗೇ ಆತ್ಮವಿಶ್ವಾಸ, ಆಡಬೇಕೆಂಬ ಆಸೆ, ತಿಳಿವಳಿಕೆ ಇವನ್ನೂ ಸೇರಿಸಿದರು. ಅಕ್ಷರ ಗೊತ್ತಿದ್ದೂ ಪುಸ್ತಕ ಮುಟ್ಟದವನು ಓದುಗನಲ್ಲವಲ್ಲ, ಹಾಗೆ. ಪಟ್ಟಿಯ ಕೊನೆಯಲ್ಲಿ ಹೆಸರು ಕಂಡ ಮಗು ಮಾರನೇ ವಾರ ಹೊಟ್ಟೆನೋವು ಅನ್ನುತ್ತದೆ. ಹಾಳೆಯನ್ನು ಆಯಾ ಮಗುವಿನ ಅಪ್ಪ ಅಮ್ಮನಿಗೆ ಮಾತ್ರ ತೋರಿಸಿ.

ಮೂಡಿಗೆರೆಯಿಂದ ಒಬ್ಬ ತಾಯಿ: ನನ್ನ ಮಗ ನಾಲ್ಕನೇ ಕ್ಲಾಸು. ಚೆಂಡು ಬಂದ್ರೆ ಕಣ್ಣು ಮುಚ್ಚಿ ಮುಖ ತಿರುಗಿಸ್ತಾನೆ. ಕ್ರಿಕೆಟ್ ಕ್ಯಾಂಪಿಗೆ ಹಾಕಿದ್ರೆ ಸರಿ ಹೋಗುತ್ತಾ? ಇಲ್ಲ ಡಾಕ್ಟರಿಗೆ ತೋರಿಸಬೇಕಾ?

ಚಿಕ್ಕಮಗಳೂರು: ಕ್ಯಾಂಪಿಗೆ ಈಗಲೇ ಬೇಡಮ್ಮ. ಗಟ್ಟಿ ಚೆಂಡು ಭಯವನ್ನು ಹೆಚ್ಚಿಸುತ್ತದೆ. ಹಳೇ ಕಾಲುಚೀಲದೊಳಗೆ ಬಟ್ಟೆ ತುಂಬಿ ಚೆಂಡು ಮಾಡಿ, ಎರಡು ಮೀಟರಿನಿಂದ ಎದೆಯ ಎತ್ತರಕ್ಕೆ ಕೆಳಗೈಯಲ್ಲಿ ಮೆಲ್ಲಗೆ ಹಾಕಿ. ಅದಕ್ಕೂ ಹೆದರಿದರೆ ಬಲೂನಿನಿಂದ ಶುರು ಮಾಡಿ. ಕೊನೇವರೆಗೂ ಚೆಂಡನ್ನೇ ನೋಡಿದಾಗ ಒಂದು ಹೆಜ್ಜೆ ಹಿಂದೆ ಹೋಗಿ. ಮೆಟ್ಟಿಲು ಹತ್ತುವಾಗ ತಡವರಿಸುವುದು, ಪದೇ ಪದೇ ಬೀಳುವುದು, ಬೋರ್ಡ್ ಕಾಣುವುದಿಲ್ಲ ಅನ್ನುವುದು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಸಕಲೇಶಪುರ, ಪ್ರಾಥಮಿಕ ಶಾಲೆ ಮೇಷ್ಟ್ರು: ನಾನು ಪೋಷಕರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರ ದೂರು ಕೆಲವು ಕಡೆ ನಿಜ ಕಣ್ರೀ. 36 ಮಕ್ಕಳಿಗೆ ಒಂದು ಚೆಂಡು ಕೊಟ್ಟು ಮೇಷ್ಟ್ರು ರಿಜಿಸ್ಟರ್ ಬರೆಯುತ್ತ ಕೂತರೆ ಅದು ಬರೀ ಬಿಡುವು. ಲೆಕ್ಕ ಹಾಕಿ: ಎಸೆದು, ತಂದು, ಮತ್ತೊಬ್ಬರ ಕೈಗೆ ಕೊಡಲು ಹತ್ತು ಸೆಕೆಂಡ್. ಹತ್ತು ನಿಮಿಷಕ್ಕೆ 60 ಎಸೆತ, ಅಂದರೆ ಒಂದು ಮಗುವಿಗೆ ಎರಡೂ ಸಿಗುವುದಿಲ್ಲ. ಅದೇ ಆರಾರು ಮಕ್ಕಳ ಆರು ಗುಂಪು, ಗುಂಪಿಗೊಂದು ಚೆಂಡು ಮಾಡಿದರೆ ಹತ್ತು ಹತ್ತು ಸಿಗುತ್ತದೆ. ಚೆಂಡು ಇಲ್ಲ ಅನ್ನುವ ಹಾಗಿಲ್ಲ, ಕಾಲುಚೀಲದ ಚೆಂಡಿಗೆ ಖರ್ಚೇನಿದೆ? ಈ ಲೆಕ್ಕವನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆಯಿರಿ.

ಗುಂಪಿನ ಅಭ್ಯಾಸ ಆದಮೇಲೆ ಲಗೋರಿ ಆಡಿಸಿ. ಗೇಟಿನ ಹೊರಗೆ ನಿಂತವರಿಗೆ ಕಾಣುವುದು ಆ ಕೊನೆಯ 15 ನಿಮಿಷ ಮಾತ್ರ, ಅದಕ್ಕೇ "ಬರೀ ಆಟ" ಅನ್ನುತ್ತಾರೆ. ಲಗೋರಿಯಲ್ಲಿ ಏನು ನೋಡಬೇಕು ಅಂತ ಅವರಿಗೆ ಹೇಳಿಕೊಡಿ: ಕಲ್ಲಿನ ಗುಡ್ಡೆಗೆ ಎಸೆಯುವಾಗ ಎದುರು ಕಾಲು ಬರುತ್ತಿದೆಯೇ, ಚೆಂಡು ಹಿಡಿದವನು ತಾನೇ ಎಸೆಯುತ್ತಾನೋ ಅಥವಾ ಹತ್ತಿರ ಇರುವವನಿಗೆ ಕೊಡುತ್ತಾನೋ, ಕಲ್ಲು ಜೋಡಿಸುವವನು ತಲೆ ಎತ್ತಿ ನೋಡುತ್ತಾನೋ.

ಚಿಕ್ಕಮಗಳೂರು: ಮೇಷ್ಟ್ರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಲಗೋರಿಗೆ ಬೇಗ ಹೋದರೆ ಎಸೆತ ಕೆಡುತ್ತದೆ. ಗುರಿ ಚಿಕ್ಕದಾದಷ್ಟೂ ಮಗು ಮೈ ಬಿಗಿ ಮಾಡಿ, ಕಾಲು ಎತ್ತದೆ, ಚೆಂಡನ್ನು ಮುಂದಕ್ಕೆ ತಳ್ಳುತ್ತದೆ. ಮೊದಲ ಮೂರು ನಾಲ್ಕು ವಾರ ಗುರಿಯೇ ಬೇಡ, ದೊಡ್ಡ ಗೋಡೆಗೆ "ಸದ್ದು ಬರೋ ಹಾಗೆ ಎಸಿ" ಅನ್ನಿ. ಜೋರಾಗಿ ಎಸೆಯಲು ಹೊರಟಾಗ ಮೈ ತಾನಾಗಿ ತಿರುಗುತ್ತದೆ. ಕಾಲು ಬರದವರಿಗೆ ಸೀಮೆಸುಣ್ಣದಲ್ಲಿ ಹೆಜ್ಜೆ ಗುರುತು ಬರೆಯಿರಿ, ಆದರೆ ಒಂದು ವಾರಕ್ಕೆ ಅಳಿಸಿಬಿಡಿ. ಇಲ್ಲದಿದ್ದರೆ ಮೊದಲು ಕಾಲನ್ನು ಗುರುತಿನ ಮೇಲೆ ಇಟ್ಟು, ನಿಂತು, ಆಮೇಲೆ ಎಸೆಯುವುದು ರೂಢಿಯಾಗುತ್ತದೆ. ಹೆಜ್ಜೆಯ ಓಘ ತೋಳಿಗೆ ಸೇರುವುದೇ ಇಲ್ಲ.

ಅರಸೀಕೆರೆ ಕೋಚ್: ರ್‍ಯಾಂಕ್ ವಿಷಯ ಒಪ್ಪಿದೆ. ಆದರೆ ಐದನೇ ಕ್ಲಾಸಿನ ಮೇಲೆ ಟೈಮ್ ತೆಗೆಯೋದು ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ. ಮಗು ತನ್ನ ಟೈಮನ್ನ ತಾನೇ ಬರ್ಕೊಂಡ್ರೆ ಅದೂ ತಿಳಿವಳಿಕೆನೇ ಅಲ್ವಾ ಸರ್?

ಚಿಕ್ಕಮಗಳೂರು: ತಾನೇ ಬರೆದುಕೊಂಡು ತನ್ನ ಹಿಂದಿನ ಟೈಮಿನ ಜೊತೆ ನೋಡಿಕೊಂಡರೆ ಖಂಡಿತ ಹೌದು.

ಕೇಳಿದವರು: ತುಂಬಾ ಉಪಯೋಗ ಆಯ್ತು. ಒಂದು ತೊಂದರೆ, ಶನಿವಾರ ಮಳೆ ಇದ್ರೆ ಸಭೆ ಒಳಗೇ. ವರಾಂಡ ಅಗಲ ಎರಡೂವರೆ ಮೀಟರ್. ಪೇಪರ್ ಉಂಡೆ ಎಸೆಯೋಕೆ ಸಾಲುತ್ತಾ?

ಸಕಲೇಶಪುರ ಮೇಷ್ಟ್ರು: ಅಡ್ಡಕ್ಕೆ ಸಾಲದು, ಜೋರಾಗಿ ಎಸೆಯಲು ಯಾರೂ ಮನಸ್ಸು ಮಾಡುವುದಿಲ್ಲ. ಉದ್ದಕ್ಕೆ ಎಸೆಯಿಸಿ, ಒಂದು ಸಲಕ್ಕೆ ಇಬ್ಬರು. ಅಥವಾ ಎಸೆತ ಬಿಟ್ಟು ಕುಂಟೆಬಿಲ್ಲೆ ಹಿಡಿಯಿರಿ: ರೂಢಿಯ ಕಾಲಲ್ಲಿ ನಾಲ್ಕು ಕುಪ್ಪಳ, ಇನ್ನೊಂದರಲ್ಲಿ ನಾಲ್ಕು. ವ್ಯತ್ಯಾಸ ತಿಳಿಯುತ್ತದೆ.

ಚಿಕ್ಕಮಗಳೂರು: ಒದ್ದೆ ವರಾಂಡದಲ್ಲಿ, ಸೀರೆ ಉಟ್ಟು ಬಂದ ಅಜ್ಜಿಯರಿಗೆ ಕುಪ್ಪಳಿಸಲು ಹೇಳುವುದು ಬೇಡ ಮೇಷ್ಟ್ರೇ. ಬೆಂಚುಗಳನ್ನು ಬದಿಗೆ ಸರಿಸಿ ಕ್ಲಾಸ್‌ರೂಮಿನ ಕರಿಹಲಗೆಗೇ ಎಸೆಯಲಿ.